ನನ್ನ ಹೆಸರಲ್ಲಿದ್ದ ಅವರ ದುಡ್ಡು

ಆದಾಯ ತೆರಿಗೆಯವರ ಮೆಸೇಜು ಮೂರು ಸಲ ಬಂದಿತ್ತು. ಮೂರು ಸಲವೂ ಅಳಿಸಿದ್ದೆ. ‘ನಿಮ್ಮ ದೊಡ್ಡ ಮೊತ್ತದ ವ್ಯವಹಾರಗಳು ನೀವು ತೋರಿಸಿದ ಆದಾಯಕ್ಕೆ ಹೊಂದುತ್ತಿಲ್ಲ, ಪೋರ್ಟಲ್ಲಿಗೆ ಹೋಗಿ ಉತ್ತರಿಸಿ’ ಅಂತ ಅದರಲ್ಲಿತ್ತು. ದೊಡ್ಡ ಮೊತ್ತವಂತೆ, ನನ್ನದಂತೆ! ಬಡಗಿ ಕೆಲಸ ಮಾಡಿ ಬೆನ್ನು ಬಗ್ಗಿಸಿಕೊಂಡವನು ನಾನು. ಯಾವನೋ ಕಳ್ಳ ಓಟಿಪಿ ಕೇಳೋಕೆ ಬಲೆ ಬೀಸಿದ್ದಾನೆ ಅಂದುಕೊಂಡೆ. ಮೂರನೇ ಸಲ ಆ ಮೆಸೇಜಿಗೆ ಒಂದು ಬೈಗುಳವನ್ನೂ ಕಳಿಸಿದ್ದೆ. ಅದು ಹೋಗಲಿಲ್ಲ. ಆ ನಂಬರಿಗೆ ನಾವು ತಿರುಗಿ ಏನೂ ಕಳಿಸೋಕೆ ಆಗುವುದಿಲ್ಲವಂತೆ. ನಮ್ಮನ್ನು ಕೇಳಬಹುದು, ನಾವು ಮಾತಾಡುವ ಹಾಗಿಲ್ಲ.

ನನ್ನ ಲೆಕ್ಕ ಬರೆಯುವವನು ನನ್ನ ಜೊತೆ ಸ್ಕೂಲಿನಲ್ಲಿ ಓದಿದವನು. ಪಾಂಡವಪುರದಲ್ಲಿ ಒಂದು ಮಹಡಿ ಮೇಲಿನ ಕೋಣೆಯಲ್ಲಿ ಟ್ಯಾಕ್ಸು, ಜಿಎಸ್‌ಟಿ ಅಂತ ಬೋರ್ಡು ಹಾಕಿಕೊಂಡಿದ್ದಾನೆ. ಅವತ್ತು ಬೆಳಿಗ್ಗೆ ಫೋನು ಮಾಡಿದ. "ಲೇ, ಎಲ್ಲಿದ್ದೀಯ? ಕೈಲಿರೋ ಉಳಿ ಕೆಳಗಿಟ್ಟು ಈಗ್ಲೇ ಬಾ" ಅಂದ. ಇಷ್ಟು ವರ್ಷಕ್ಕೆ ಅವನು ಹಾಗೆ ಕರೆದವನೇ ಅಲ್ಲ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಎಷ್ಟು ದೂರ? ಗಾಡಿ ಹತ್ತಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂದುಬಿಡುತ್ತೆ. ಅವತ್ತು ಮಾತ್ರ ಆ ದಾರಿ ಮುಗಿಯಲಿಲ್ಲ.

ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. "ಇದು ಮೋಸದ ಮೆಸೇಜಲ್ಲ ಕಣ್ಲಾ. ನೋಟೀಸಿನ ನಂಬರು ಹಾಕಿ ಪೋರ್ಟಲ್ಲಲ್ಲೇ ನೋಡಿದೀನಿ, ಅಸಲಿ. ಎರಡು ವರ್ಷದ ಹಿಂದಿನ ಲೆಕ್ಕ ಮತ್ತೆ ತೆಗೀತೀವಿ, ಯಾಕೆ ತೆಗೀಬಾರದು ಹೇಳು ಅಂತ ಕೇಳವ್ರೆ. ಆ ವರ್ಷ ನೀನು ತೋರಿಸಿದ ಆದಾಯ ನಾಲ್ಕು ಲಕ್ಷ ಅರವತ್ತು ಸಾವಿರ. ಕ್ರೆಡಿಟ್ ಕಾರ್ಡಿಗೆ ಕಟ್ಟಿರೋದು ಹದಿನಾಲ್ಕು ಲಕ್ಷ. ಎಫ್‌ಡಿ ಮಾಡಿರೋದು ಹದಿನೆಂಟು ಲಕ್ಷ. ಎಲ್ಲಿಂದ ಬಂತು?"

ಇವರಿಗೆ ಹೇಳಿದವರು ಯಾರು ಅಂತ ಕೇಳಿದೆ. ಬ್ಯಾಂಕಿನವರೇ ಹೇಳಬೇಕಂತೆ. ಒಂದು ವರ್ಷದಲ್ಲಿ ಕಾರ್ಡಿನ ಬಿಲ್ಲು ಹತ್ತು ಲಕ್ಷ ಮುಟ್ಟಿದರೆ, ಹೊಸ ಎಫ್‌ಡಿಗಳು ಹತ್ತು ಲಕ್ಷ ಮುಟ್ಟಿದರೆ, ಪ್ಯಾನ್ ನಂಬರಿನ ಜೊತೆ ಇಲಾಖೆಗೆ ಪಟ್ಟಿ ಹೋಗುತ್ತದೆ. ನಾನು ಅದನ್ನೆಲ್ಲ ಮರೆತು ಹಾಯಾಗಿ ಮಲಗಿ ಎದ್ದಿದ್ದೆ. ಆ ಪಟ್ಟಿ ಎಲ್ಲೋ ಒಂದು ಕಡೆ ಎರಡು ವರ್ಷದಿಂದ ನನ್ನ ಹೆಸರು ಹೊತ್ತು ಸುಮ್ಮನೆ ಕೂತಿತ್ತು. ಪರದೆಯ ಮೇಲೆ ನನ್ನ ಹೆಸರಿನ, ನನ್ನ ಅಪ್ಪನ ಹೆಸರಿನ, ನನ್ನ ಹುಟ್ಟಿದ ದಿನದ ಒಬ್ಬ ಮನುಷ್ಯನಿದ್ದ. ಅವನ ಹತ್ತಿರ ಮೂವತ್ತೆರಡು ಲಕ್ಷ ಇತ್ತು.

"ಹೇಳದಿದ್ರೆ ಏನಾಗುತ್ತೆ?" ಅಂದೆ.

"ಎಲ್ಲಿಂದ ಬಂತು ಅಂತ ತೋರಿಸೋಕೆ ಆಗದ ದುಡ್ಡಿಗೆ ನೂರಕ್ಕೆ ಎಪ್ಪತ್ತೆಂಟರ ಹತ್ತಿರ ಹೋಗುತ್ತೆ ಕಣ್ಲಾ. ಅದರ ಮೇಲೆ ಬಡ್ಡಿ, ದಂಡ. ನಿನ್ನ ಮನೆ, ಆ ಶೆಡ್ಡು, ಮಿಷಿನ್ನು ಎಲ್ಲ ಮಾರಿದ್ರೂ ಸಾಲದು."

ನನ್ನ ಮಗಳು ಆಗ ಮೈಸೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ. ನಾನು ಮೊದಲು ನೆನೆಸಿಕೊಂಡಿದ್ದು ಅವಳ ಫೀಸನ್ನು. ಎರಡನೆಯದಾಗಿ ನೆನಪಾದದ್ದು ನನ್ನ ಕೈಲಿ ಮನೆಯ ಮರಗೆಲಸ ಮಾಡಿಸಿದ್ದ ಆ ಅಮ್ಮ. ಆ ಮೂವತ್ತೆರಡರಲ್ಲಿ ನನ್ನ ಕೂಲಿ ಬಿಟ್ಟರೆ ಒಂದು ಬಿಡಿಗಾಸೂ ನನ್ನದಾಗಿರಲಿಲ್ಲ. ಎಲ್ಲ ಅವರದು.

ಆ ಅಮ್ಮ ನಮ್ಮ ಶೆಡ್ಡಿಗೆ ಬಂದದ್ದು ಒಂದು ಮಧ್ಯಾಹ್ನ, ಬಸ್ಸಿಳಿದು ನಡೆದುಕೊಂಡು. ವಯಸ್ಸು ಅರವತ್ತು ದಾಟಿತ್ತು. ಒಳ್ಳೆ ಹೊಲಮನೆ ಕಂಡ ಒಕ್ಕಲು ಮನೆತನದವರು ಅಂತ ಮಾತಿನಲ್ಲೇ ಗೊತ್ತಾಗುತ್ತಿತ್ತು. ಅವರ ತವರುಮನೆ ದೊಡ್ಡ ರಸ್ತೆಗೆ ಹೋಗಿತ್ತು. ತವರಿನಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಪರಿಹಾರದ ದುಡ್ಡು ಇವರ ಕೈಗೆ ಬಂದಿತ್ತು. ಕೆ.ಆರ್.ಪೇಟೆ ಹತ್ತಿರ, ಹೊಸಹೊಳಲಿನಿಂದ ಆಚೆ ಕಾಲುವೆ ಪಕ್ಕ ಒಂದು ಸೈಟು ತಗೊಂಡು ಗೋಡೆ ಎಬ್ಬಿಸಿದ್ದರು. ಮರದ ಕೆಲಸ ಪೂರ್ತಿ ನನ್ನದು ಅಂದರು.

"ಆ ಮನೆ ಎಂಗಿತ್ತೋ ಅಂಗೇ ಇರ್ಬೇಕು ಆಚಾರಿ. ಒಂದು ಬೆರಳು ಅತ್ತ ಇತ್ತ ಆಗ್ಬಾರ್ದು."

"ಫೋಟೋ ಕೊಡಿ ಅಮ್ಮಾ."

"ಫೋಟೋ ಯಾಕೆ? ನಾನಿಲ್ವಾ?"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಸುಬಿನಲ್ಲಿ ಮಾಲು ಮನೆಯವರದು, ಕೂಲಿ ನಮ್ಮದು. ಮರ, ಕೀಲು, ಚಿಲಕ, ಪಾಲಿಶ್ ಎಲ್ಲವನ್ನೂ ನಾವೇ ಹೋಗಿ ಆರಿಸಿ ತರುತ್ತೇವೆ, ಆದರೆ ದುಡ್ಡು ಅವರದ್ದು. ನಮ್ಮಪ್ಪ ಮನೆಯವರು ಕೊಟ್ಟ ಮರದ ದುಡ್ಡನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನ ಕೆಳಗೆ ಇಡುತ್ತಿದ್ದ. ಮನೆಯಲ್ಲಿ ಉಪ್ಪಿಲ್ಲ ಅಂದರೂ ಆ ಗಂಟು ಬಿಚ್ಚುತ್ತಿರಲಿಲ್ಲ. ನನಗೂ ಅದೇ ಚಾಳಿ. ಆ ಅಮ್ಮ ಬ್ಯಾಂಕಿನಿಂದ ಹದಿನೆಂಟು ಲಕ್ಷ ಒಟ್ಟಿಗೇ ನನ್ನ ಖಾತೆಗೆ ಹಾಕಿಸಿದರು. ನನ್ನ ದುಡ್ಡಿನ ಜೊತೆ ಅದು ಬೆರೆಯಬಾರದು ಅಂತ ಅವತ್ತೇ ಆರಾರು ಲಕ್ಷದ ಮೂರು ಎಫ್‌ಡಿ ಮಾಡಿಸಿದೆ. ನಮ್ಮಪ್ಪನ ಬಟ್ಟೆಗಂಟು ನನ್ನ ಕಾಲಕ್ಕೆ ಎಫ್‌ಡಿ ಆಗಿತ್ತು, ಅಷ್ಟೇ. ಅದು ಯಾರ ಗಂಟು ಅಂತ ಅಪ್ಪನ ಕಾಲದಲ್ಲಿ ಊರಿಗೆಲ್ಲ ಗೊತ್ತಿತ್ತು. ಎಫ್‌ಡಿಯ ಮೇಲೆ ನನ್ನ ಹೆಸರೊಂದೇ ಇತ್ತು.

ಮರ, ಕಬ್ಬಿಣ ಎಲ್ಲ ಮೈಸೂರಿನಲ್ಲಿ ಕಾರ್ಡು ಉಜ್ಜಿ ತಂದೆ. ಬಿಲ್ಲು ಬಂದಾಗ ಒಂದು ಎಫ್‌ಡಿ ಮುರಿದು ಕಟ್ಟುವುದು. ಕಾರ್ಡಿನ ಪಾಯಿಂಟು ಸೇರಿ ನನ್ನ ಹೆಂಡತಿಗೆ ಒಂದು ಕುಕ್ಕರು ಬಂತು, ಭಾರಿ ಖುಷಿಪಟ್ಟಳು. ಬಿಲ್ಲೆಲ್ಲ ನನ್ನ ಹೆಸರಿಗೇ ಇರಲಿ ಅಂತ ಹೇಳಿದ್ದು ಆ ಅಮ್ಮನೇ. "ನನ್ನೆಸ್ರು ಎಲ್ಲೂ ಬರ್ಬಾರ್ದು ಆಚಾರಿ. ಮಗನ್ಗೆ ತಿಳೀಬಾರ್ದು. ಪರಿಹಾರದ ದುಡ್ಡು ಇನ್ನೂ ಕೋರ್ಟಲ್ಲೈತೆ ಅಂತ ಯೋಳಿವ್ನಿ." ಮಗ ನಾಗಮಂಗಲದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ತಾಯಿ ಮಗನ ನಡುವಿನದು ನನಗ್ಯಾಕೆ ಅಂತ ಸುಮ್ಮನಾದೆ. ನನಗೆ ಬುದ್ಧಿ ಇಲ್ಲ ಅಂತ ಹೆಂಡತಿ ಹೇಳುವುದು ಸುಮ್ಮನೆ ಅಲ್ಲ.

ಏಳು ತಿಂಗಳು ಕೆಲಸ ಮಾಡಿದೆ. ಅಂಥ ಕೆಲಸ ಹಿಂದೆ ಮಾಡಿಲ್ಲ, ಮುಂದೆ ಮಾಡಲ್ಲ. ಆ ಅಮ್ಮ ಬರಿ ಗೋಡೆಯ ನಡುವೆ ಕಣ್ಣು ಮುಚ್ಚಿ ನಿಂತು, ಗಾಳಿಯಲ್ಲಿ ಗೇಣು ಹಾಕಿ ಅಳತೆ ಹೇಳುತ್ತಿದ್ದರು. ಟೇಪು ಹಿಡಿದು ನೋಡಿದರೆ ಪ್ರತಿಸಲವೂ ಅದೇ ಅಳತೆ. ಒಂದು ಸಲ ಬೇಕಂತಲೇ ಒಂದು ಕಿಟಕಿಯನ್ನು ಅರ್ಧ ಅಂಗುಲ ಕೆಳಗೆ ಕೂರಿಸಿದೆ, ನೋಡೋಣ ಅಂತ. ಬಂದವರು ಒಳಗೆ ಕಾಲಿಡಲಿಲ್ಲ. ಹೊಸಿಲಿನ ಹೊರಗೇ ನಿಂತು "ಅಡುಗೆಮನೆ ಕಿಟಕಿ ಇಳಿಸಿದ್ದೀಯ. ಅವ್ವಂಗೆ ಹಿತ್ತಿಲು ಕಾಣಕ್ಕಿಲ್ಲ" ಅಂದರು. ಅವ್ವ ಸತ್ತು ಮೂವತ್ತು ವರ್ಷ ಆಗಿದ್ದವು ಅಂತ ಅವರೇ ಹೇಳಿದ್ದರು. ನಾನು ಬಾಯಿ ಮುಚ್ಚಿಕೊಂಡು ಕಿಟಕಿಯನ್ನು ಮೇಲಕ್ಕೆ ಎತ್ತಿದೆ.

ಕೊನೆಗೆ ಒಂದು ಬಾಗಿಲು ಉಳಿಯಿತು. ನಡುಮನೆಯ ಪಡುವಣ ಗೋಡೆಗೆ. ಆ ಗೋಡೆಯಲ್ಲಿ ಜಾಗವೇ ಬಿಟ್ಟಿರಲಿಲ್ಲ. ಗೋಡೆಯ ಆಚೆ ಇರುವುದು ಪಕ್ಕದವರ ಬೇಲಿ.

"ಅಮ್ಮಾ, ಇಲ್ಲಿ ಕೋಣೆ ಇಲ್ಲ, ಬಾಗಿಲು ಎಲ್ಲಿಗೆ?"

"ಆ ಕೋಣೆ ನಂಗೆ ಬ್ಯಾಡ. ಬಾಗ್ಲು ಮಾತ್ರ ಬೇಕು."

ತೇಗದ ಬಾಗಿಲು, ಮೂರು ಕೀಲು, ಚಿಲಕ ನಮ್ಮ ಕಡೆಗೆ. ಅಂದರೆ ಹೊರಗಿನಿಂದ ಹಾಕುವ ಚಿಲಕ. ಕೆಳಗೆ ಒಂದು ಗೇಣು ಅಗಲದ ಸಣ್ಣ ಕಿಂಡಿ, ಅದಕ್ಕೊಂದು ಹಲಗೆ. ಬೆಕ್ಕಿಗೇನೋ ಅಂದುಕೊಂಡೆ. ಗೋಡೆಗೆ ವಾಡದ ಚೌಕಟ್ಟು ಕೂರಿಸಿ ಬಾಗಿಲು ನೇತುಹಾಕಿದೆ. ತೆಗೆದರೆ ಸುಣ್ಣ ಹೊಡೆದ ಇಟ್ಟಿಗೆ. ಆ ಸಂಜೆ ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಬೆನ್ನ ಹಿಂದೆ ಆ ಕಿಂಡಿಯ ಹಲಗೆ ಒಂದು ಸಲ ಬಡಿಯಿತು. ಗಾಳಿ ಇರಲಿಲ್ಲ. ಹೊಸ ಮರ ಒಣಗುವಾಗ ಸದ್ದು ಮಾಡುತ್ತದೆ, ಅದು ಯಾವ ಬಡಗಿಗೂ ಗೊತ್ತು. ನನಗೂ ಗೊತ್ತು. ಆದರೂ ಒಂದು ಉಳಿಯನ್ನು ಅಲ್ಲೇ ಬಿಟ್ಟು ಬಂದೆ, ಮತ್ತೆ ತರೋಕೆ ಹೋಗಲಿಲ್ಲ. ಮಾಲಿಗೆ ಹದಿನಾಲ್ಕು, ನನ್ನ ಕೂಲಿ ಮೂರೂವರೆ, ಉಳಿದ ಐವತ್ತು ಸಾವಿರವನ್ನು ಅವರ ಖಾತೆಗೇ ತಿರುಗಿ ಹಾಕಿದೆ. ಕೂಲಿಯನ್ನು ಆದಾಯದಲ್ಲಿ ತೋರಿಸಿದೆ. ಉಳಿದದ್ದು ನನ್ನದಲ್ಲ, ಯಾಕೆ ತೋರಿಸಲಿ?

ಇಷ್ಟನ್ನೂ ನನ್ನ ಗೆಳೆಯನಿಗೆ ಹೇಳಿದೆ. ಬಾಗಿಲಿನ ವಿಷಯ ಬಿಟ್ಟು. ಅವನು ಹಣೆ ಹಣೆ ಚಚ್ಚಿಕೊಂಡ.

"ಅಯ್ಯೋ ಪುಣ್ಯಾತ್ಮ! ಒಂದೇ ದುಡ್ಡನ್ನ ಎರಡು ಸಲ ಎಣಿಸವ್ರೆ ಕಣ್ಲಾ. ಎಫ್‌ಡಿಯಾಗಿ ಕೂತಾಗ ಒಂದ್ಸಲ, ಕಾರ್ಡಿಗೆ ಹೋದಾಗ ಒಂದ್ಸಲ. ಎಫ್‌ಡಿ ಮುರಿದ ಕಾಗದ, ಕಾರ್ಡಿನ ಸ್ಟೇಟ್‌ಮೆಂಟು ಇಟ್ರೆ ಅದು ಸರಿಹೋಗುತ್ತೆ. ಆ ಎಫ್‌ಡಿ ಬಡ್ಡಿ ಮಾತ್ರ ನಿಂದೇ, ಅದನ್ನ ತೋರಿಸಿಲ್ಲ ನೀನು. ಅದಕ್ಕೆ ತೆರಿಗೆ ಕಟ್ಲೇಬೇಕು. ಆದ್ರೆ ಹದಿನೆಂಟು ಲಕ್ಷ ಆಯಮ್ಮ ಯಾಕೆ ಕೊಟ್ಟಳು, ಅವಳಿಗೆ ಎಲ್ಲಿಂದ ಬಂತು? ಅದನ್ನ ನೀನು ಹೇಳಿದ್ರೆ ಆಗಲ್ಲ, ಆಯಮ್ಮನೇ ಬರೆದು ಕೊಡಬೇಕು. ಅವಳ ಪ್ಯಾನು, ಬ್ಯಾಂಕ್ ಪಾಸ್‌ಬುಕ್ಕು, ಪರಿಹಾರದ ಆದೇಶದ ನಕಲು ಬೇಕು."

ಆಫೀಸರ ಎದುರಿಗೇ ಹೋಗಿ ಕೈಮುಗಿದು ಹೇಳಿಬಿಡುತ್ತೇನೆ ಅಂದೆ. ಎದುರಿಗೆ ಕೂತು ಕೇಳುವವರು ಯಾರೂ ಇಲ್ಲವಂತೆ. ಎಲ್ಲ ಅಪ್‌ಲೋಡು. ನನಗೆ ಮೈಯೆಲ್ಲ ಉರಿಯಿತು. ಜಗಳವಾಡೋಣ ಅಂದರೂ ಒಂದು ಮುಖ ಬೇಡವೇ?

ಆ ಅಮ್ಮನ ಫೋನು ಸ್ವಿಚ್ ಆಫ್. ಎರಡು ದಿನ ನೋಡಿ ಕೆ.ಆರ್.ಪೇಟೆಗೆ ಹೊರಟೆ. ಹಗಲು ಹನ್ನೊಂದು ಗಂಟೆ. ಕಾಲುವೆಗೆ ನೀರು ಬಿಟ್ಟಿದ್ದರು. ಮನೆಯ ಹೊರಗೆ ರಂಗೋಲಿ ಇರಲಿಲ್ಲ, ಹೊಸಿಲು ಮಾತ್ರ ಆಗತಾನೆ ತೊಳೆದ ಹಾಗೆ ಒದ್ದೆಯಾಗಿತ್ತು. ಪಕ್ಕದ ಬೇಲಿಯಲ್ಲಿ ಹಸುವಿಗೆ ಸೀಮೆಹುಲ್ಲು ಕೊಯ್ಯುತ್ತಿದ್ದ ಹೆಂಗಸನ್ನು ಕೇಳಿದೆ, ಇಲ್ಲಿ ಯಾರಾದರೂ ಇದ್ದಾರಾ ಅಂತ. "ಒಬ್ರೇ ಅವ್ರೆ. ಆದ್ರೆ ಮಾತು ಮೂರ್ನಾಲ್ಕು ಜನದ್ದು ಕೇಳ್ತದೆ" ಅಂದಳು. ಅಂದು ಕುಡುಗೋಲು ಎತ್ತಿಕೊಂಡು ಆಚೆ ಸಾಲಿಗೆ ಹೋದಳು.

ಬಾಗಿಲು ತಳ್ಳಿದೆ. ನಾನೇ ಮಾಡಿದ ಬಾಗಿಲು, ನಾನೇ ಹಾಕಿದ ಕೀಲು, ಆದರೂ ಯಾರದ್ದೋ ಮನೆಗೆ ಕೇಳದೆ ನುಗ್ಗಿದ ಹಾಗಾಯಿತು. ಎರಡು ವರ್ಷದಲ್ಲಿ ಆ ಮನೆ ಎಂಬತ್ತು ವರ್ಷ ಹಳೆಯದಾಗಿತ್ತು. ಕಂಬಗಳಿಗೆ ಎಣ್ಣೆ ಕೈ ಸವರಿದ ಕರಿ. ನಡುಮನೆಯಲ್ಲಿ ನಾಲ್ಕು ಮಣೆ ಹಾಕಿತ್ತು. ಅಡುಗೆಮನೆಯಲ್ಲಿ ಅಮ್ಮ ಯಾರಿಗೋ ಗದರುತ್ತಿದ್ದರು: "ಉಪ್ಪು ಹಾಕ್ದೇನೇ ಇಳ್ಸುದ್ಯಲ್ಲವ್ವ, ನಿಂಗೆ ಎಷ್ಟು ಸಲ ಯೋಳದು?" ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು, ಉತ್ತರ ಕೇಳಿಸಿಕೊಳ್ಳುವವರ ಹಾಗೆ. ಆಮೇಲೆ ನಕ್ಕರು.

ನನ್ನನ್ನು ನೋಡಿ ಬೆಚ್ಚಲಿಲ್ಲ. "ಬಾ ಆಚಾರಿ, ಕೂತ್ಕೋ. ಊಟದ ಹೊತ್ತಿಗೆ ಬಂದೆ" ಅಂದರು. ಮಣೆಯ ಮೇಲೆ ಕೂರಲು ಹೋದೆ. "ಅದಲ್ಲ, ಅಲ್ಲಿ ಅಪ್ಪ ಕೂತ್ಕತ್ತಾರೆ" ಅಂದರು. ನಾನು ಕಂಬಕ್ಕೆ ಒರಗಿ ನೆಲದ ಮೇಲೆ ಕೂತೆ. ಪಡುವಣ ಗೋಡೆಯ ಬಾಗಿಲು ನನ್ನ ಎದುರಿಗೇ ಇತ್ತು. ಕಿಂಡಿಯ ಮುಂದೆ ಒಂದು ತಟ್ಟೆ. ತಟ್ಟೆ ಬರಿದಾಗಿತ್ತು, ಅಂಚಿನಲ್ಲಿ ಮುದ್ದೆಯ ಬೆರಳಚ್ಚು.

ಹೆದರಿಕೆಗೋ ಏನೋ, ವಿಷಯವನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ನೋಟೀಸು, ಎಪ್ಪತ್ತೆಂಟು, ಶೆಡ್ಡು, ಮಗಳ ಫೀಸು, ಎಲ್ಲ. ಲೆಕ್ಕದ ವಿಷಯದಲ್ಲಿ ಅವರ ತಲೆ ಚೆನ್ನಾಗಿತ್ತು. ಯಾವ ತಾರೀಖು ಎಷ್ಟು ಹಾಕಿಸಿದ್ದು, ತಿರುಗಿ ಎಷ್ಟು ಬಂತು, ಎಲ್ಲ ಬಾಯಲ್ಲೇ ಹೇಳಿದರು. ಪ್ಯಾನ್ ಕಾರ್ಡು ತಂದರು. ಆಗ ನಾನು ಗೆಳೆಯನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಅದರ ನಂಬರು ಓದಿದೆ. ಅವನು ಕೇಳಿದ, "ಈ ಪ್ಯಾನು ಮಾಡಿಸಿದ್ದು ಯಾರು? ಯಾವ ಮೊಬೈಲು, ಯಾವ ಮೇಲ್ ಕೊಟ್ಟವ್ರೆ?"

"ನನ್ ಮಗನೇ ಮಾಡಿಸ್ದ. ಅವಂದೇ ನಂಬ್ರು" ಅಂದರು ಅಮ್ಮ.

ಗೆಳೆಯ ಅವರಿಗೇ ಹೇಳಿದ, "ನೋಡಮ್ಮಾ, ನಾವು ನಿಮ್ಮ ಹೆಸರು ಕೊಟ್ರೆ ಆಫೀಸರು ನಿಮಗೂ ಒಂದು ಪತ್ರ ಹಾಕಬಹುದು, ಇವರಿಗೆ ದುಡ್ಡು ಕೊಟ್ಟಿದ್ದು ನಿಜವಾ ಅಂತ. ಅದು ನಿಮ್ಮ ಮಗನ ಮೇಲ್‌ಗೇ ಹೋಗುತ್ತೆ. ನಿಮಗೆ ತೆರಿಗೆ ಬೀಳಲ್ಲ, ರಸ್ತೆಯ ಪರಿಹಾರ ಅದು. ಆದ್ರೆ ಮಗನಿಗೆ ತಿಳಿಯುತ್ತೆ."

ನಾನು ಫೋನು ಇಟ್ಟೆ. ಬೇಡ ಅಂದುಬಿಟ್ಟರೆ ಏನು ಮಾಡಲಿ ಅನ್ನಿಸುತ್ತಿತ್ತು. ಅವರು ಆ ಬಾಗಿಲನ್ನೇ ನೋಡುತ್ತಿದ್ದರು.

"ಅದ್ರೊಳಗೆ ನಮ್ಮಕ್ಕ ಇದ್ಲು ಆಚಾರಿ" ಅಂದರು. "ಅವಳಿಗೆ ತಲೆ ಸರಿ ಇರ್ಲಿಲ್ಲ. ಓಡೋಗ್ತಾಳೆ ಅಂತ ಕೂಡಾಕಿದ್ರು. ಊಟ ಕಿಂಡೀಲಿ ತಳ್ಳೋಳು ನಾನೇ, ಚಿಲಕ ಹಾಕೋಳು ನಾನೇ. ನಂಗೆ ಎಂಟೊರ್ಸ. ಅವ್ವನ ಕೈ ನಡುಗ್ತದೆ ಅಂತ ನನ್ ಕೈಲಿ ಹಾಕುಸ್ತಿದ್ರು. ಅವ್ಳು ಒಳಗಿಂದ ನನ್ನೆಸ್ರು ಹಿಡಿದು ಕರೆಯೋಳು. ಒಂದಿನ ಕರೀಲಿಲ್ಲ."

ಆಗ ಗಮನಿಸಿದೆ, ಚಿಲಕ ಹಾಕಿರಲಿಲ್ಲ. ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಅದರ ಹಿಂದೆ ಇಟ್ಟಿಗೆ ಇದೆ ಅಂತ ಇಡೀ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತು. ಆದರೂ ಆ ಬೆರಳಷ್ಟು ಜಾಗದ ಒಳಗೆ ಕತ್ತಲೆ ಬಹಳ ದೂರದವರೆಗೆ ಇದ್ದ ಹಾಗೆ ಕಂಡಿತು. ದೇವರಾಣೆ ಹೇಳುತ್ತೇನೆ, ಕಂಡಿತು.

"ಈ ಮನೇಲಿ ಒಂದಿನಾನೂ ಚಿಲಕ ಹಾಕಿಲ್ಲ" ಅಂದರು. "ಪೇಪರ್ ಕೊಡು, ಸೈನ್ ಹಾಕ್ತೀನಿ. ಇನ್ನೊಬ್ರು ಒಳಗೆ ಸಿಕ್ಕಾಕೊಂಡು ಕೂಗ್ತಿರೋವಾಗ ನಾನು ಹೊರಗೆ ನಿಂತ್ಕಳಾದು ಸಾಕು ಕಣಪ್ಪ."

ಗೆಳೆಯ ಬರೆದು ಕೊಟ್ಟಿದ್ದ ಕಾಗದದ ಮೇಲೆ ಸೈನು ಹಾಕಿದರು. ಪಾಸ್‌ಬುಕ್ಕು, ಪರಿಹಾರದ ಆದೇಶ ಎಲ್ಲ ಒಂದು ಸೀರೆಯ ಡಬ್ಬದಿಂದ ತೆಗೆದು ಕೊಟ್ಟರು. ವಿಳಾಸ ನಾಗಮಂಗಲದ್ದೇ ಬರೆಸಿದರು. ಹೊಸಿಲವರೆಗೆ ಬಂದು ನನ್ನ ತೋಳು ಹಿಡಿದುಕೊಂಡರು. ಕೈ ಐಸಿನ ಹಾಗೆ ತಣ್ಣಗಿತ್ತು.

"ದುಡ್ಡಿನ ವಿಸ್ಯ ಅವನ್ಗೆ ತಿಳೀಲಿ. ಈ ಜಾಗ ತಿಳೀಬಾರ್ದು. ನಾನು ಮೈಸೂರಲ್ಲಿ ಚಿಕ್ಕವ್ವನ ಮಗಳ ಮನೇಲಿವ್ನಿ ಅಂದ್ಕಂಡವ್ನೆ. ತಿಳುದ್ರೆ ಅವತ್ತೇ ಬಂದು ಎಳ್ಕೊಂಡೋಗ್ತಾನೆ, ಮಾರ್ತಾನೆ. ಮಾತು ಕೊಡು."

"ನನ್ನ ಬಾಯಿಂದ ಬರಲ್ಲಮ್ಮಾ" ಅಂದೆ. ಮನಸಾರೆ ಅಂದೆ.

ಎಲ್ಲವನ್ನೂ ಅಪ್‌ಲೋಡ್ ಮಾಡಿದೆವು. ಮರದಂಗಡಿಯ ಬಿಲ್ಲುಗಳಲ್ಲಿ ಮಾಲು ಇಳಿಸಿದ ಜಾಗ ಇತ್ತು, ಆದರೆ ಅದನ್ನು ನೋಡುವವರು ಆಫೀಸರು ಮಾತ್ರ ಅಂತ ಗೆಳೆಯ ಹೇಳಿದ. ಆಮೇಲೆ ಕಾಯುವುದು. ಆ ದಿನಗಳಲ್ಲಿ ನಾನು ಮನೆಯಲ್ಲಿ ಇರುವ ಹಾಗಿರಲಿಲ್ಲ. ಹೆಂಡತಿ ಉಪ್ಪಿಟ್ಟು ಕೊಟ್ಟರೆ ಯಾಕೆ ಕೊಟ್ಟೆ ಅಂತ ಬೈಯುತ್ತಿದ್ದೆ. "ರೀ, ನೀವು ನನ್ನ ಮೇಲೆ ಕೂಗಿದ್ರೆ ಆ ಆಫೀಸರಿಗೆ ಕೇಳುತ್ತಾ?" ಅಂದಳು ಒಂದು ದಿನ. ಶೆಡ್ಡಿನಲ್ಲಿ ರಂಧ್ರ ಕೊರೆಯುವಾಗ ಹಲಗೆಯ ಆಚೆ ಬದಿಯಲ್ಲಿ ಯಾರೋ ಇದ್ದಾರೆ ಅನ್ನಿಸಿ ಮಿಷಿನ್ನು ನಿಲ್ಲಿಸುತ್ತಿದ್ದೆ. ಹಲಗೆ ಎತ್ತಿ ನೋಡುತ್ತಿದ್ದೆ. ಹೊಟ್ಟು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಹದಿನೈದು ದಿನಕ್ಕೆ ಒಂದು ಫೋನು ಬಂತು. ಗಂಡಸಿನ ದನಿ, ಬಹಳ ಮೆತ್ತಗೆ.

"ಆಚಾರ್ರಾ? ನಾನು ನಾಗಮಂಗಲದಿಂದ. ನಮ್ಮಮ್ಮನ ಹೆಸ್ರಲ್ಲಿ ಇನ್‌ಕಮ್ ಟ್ಯಾಕ್ಸಿನೋರ ಪತ್ರ ಬಂದದೆ. ಮನೆ ಮರಗೆಲ್ಸಕ್ಕೆ ಅಂತ ನಿಮ್ಗೆ ಹದಿನೆಂಟು ಲಕ್ಷ ಕೊಟ್ಟವ್ರಂತೆ?"

ಹೌದು ಅಂದೆ.

"ಎಲ್ಲೈತೆ ಮನೆ?"

ಅದನ್ನು ಅಮ್ಮನನ್ನೇ ಕೇಳಿ ಅಂದೆ.

"ನೋಡಿ ಆಚಾರ್ರೇ, ನಂಗೆ ನಿಮ್ ಮೇಲೆ ಕ್ವಾಪ ಇಲ್ಲ. ಲಾಗಿನ್ನು ನಂದು, ಓಟಿಪಿ ನಂಗೇ ಬರಾದು. ಹೌದು ಅಂತ ಉತ್ರ ಹಾಕೋನೂ ನಾನೇ, ಇಲ್ಲ ಅನ್ನೋನೂ ನಾನೇ, ಸುಮ್ನಿರೋನೂ ನಾನೇ. ನಾಳೆ ಕಡೇ ದಿನ. ನಂಗೆ ನಮ್ಮಮ್ಮ ಬೇಕು. ಮೈಸೂರಿಗೆ ಫೋನ್ ಮಾಡಿದ್ದೆ. ಅಲ್ಲಿಲ್ಲ ಅವ್ರು, ಎರಡು ವರ್ಷದಿಂದ ಅಲ್ಲಿಲ್ಲ."

ಅವನ ದನಿ ಕೊನೆಗೆ ಒಡೆಯಿತು. ಅವನು ಕೆಟ್ಟವನೋ ಒಳ್ಳೆಯವನೋ ನನಗೆ ಇವತ್ತಿಗೂ ಗೊತ್ತಿಲ್ಲ. ದುಡ್ಡಿಗೆ ಅತ್ತನೋ ತಾಯಿಗೆ ಅತ್ತನೋ ಗೊತ್ತಿಲ್ಲ. ಆಮೇಲೆ ಮಾಡುತ್ತೇನೆ ಅಂತ ಫೋನು ಇಟ್ಟು ಗೆಳೆಯನನ್ನು ಕೇಳಿದೆ. ದುಡ್ಡು ಕೊಟ್ಟಿಲ್ಲ ಅಂತ ಆಯಮ್ಮನ ಹೆಸರಲ್ಲಿ ಉತ್ತರ ಹೋದರೆ ಏನಾಗುತ್ತೆ? "ಬ್ಯಾಂಕಿನ ದಾಖಲೆ ಇದೆ, ಸೈನು ಇದೆ, ಹೋರಾಡಬಹುದು. ಆದ್ರೆ ಕೇಸು ತೆಗೀತಾರೆ. ಒಂದು ವರ್ಷನೋ ಎರಡು ವರ್ಷನೋ ಅಲೀತೀಯ. ಗೆದ್ದೇ ಗೆಲ್ತೀಯ ಅಂತ ನಾನು ಹೇಳಲ್ಲ ಕಣ್ಲಾ" ಅಂದ.

ಹೋರಾಡಬಹುದಿತ್ತು. ಅದನ್ನು ನಾನು ಇಲ್ಲಿ ಮುಚ್ಚಿಡುವುದಿಲ್ಲ. ದಾರಿ ಇತ್ತು, ಉದ್ದದ ದಾರಿ. ನನಗೆ ಹೆದರಿಕೆಯಾಯಿತು. ಎರಡು ವರ್ಷ ಆ ಪರದೆಯ ಮೇಲಿನ ಮನುಷ್ಯನ ಜೊತೆ ಬದುಕುವುದು ನನ್ನ ಕೈಯಲ್ಲಿ ಆಗುವುದಿಲ್ಲ ಅನ್ನಿಸಿತು. ಸಂಜೆ ಆರು ಗಂಟೆಗೆ ನಾಗಮಂಗಲಕ್ಕೆ ಫೋನು ಮಾಡಿದೆ. ಹೊಸಹೊಳಲು ದಾಟಿ ಕಾಲುವೆ ಏರಿ ಮೇಲೆ ಬಲಕ್ಕೆ ತಿರುಗಿ ಅಂದೆ. ಹುಣಸೆಮರ ಸಿಗುತ್ತೆ, ಅಲ್ಲಿಂದ ಮೂರನೇ ಮನೆ ಅಂದೆ. ಅವನು ಬರೆದುಕೊಳ್ಳುತ್ತಿದ್ದ. "ಮರದ ಕಂಬದ ಮನೆಯಾ?" ಅಂತ ಕೇಳಿದ. ಹೌದು ಅಂದೆ.

ಅವನು ಮಾತಿಗೆ ತಪ್ಪಲಿಲ್ಲ. ಅವತ್ತೇ ಉತ್ತರ ಹಾಕಿದ. ಇನ್ನೊಂದು ವಾರಕ್ಕೆ ಗೆಳೆಯ ಕೂಗಿಕೊಂಡೇ ಫೋನು ಮಾಡಿದ, "ಲೇ, ಆದೇಶ ಬಂತು! ಕೇಸು ತೆಗೆಯೋಕೆ ಕಾರಣ ಇಲ್ಲ ಅಂತ ಬರೆದವ್ರೆ. ಬದುಕ್ಕೊಂಡೆ ಕಣ್ಲಾ!" ಹೆಂಡತಿ ದೇವರ ಮುಂದೆ ಕೂತು ಅತ್ತಳು. ನಾನೂ ಅತ್ತೆ. ಮಗಳಿಗೆ ಫೋನು ಮಾಡಿ ಫೀಸು ಕಟ್ಟು ಅಂದೆ.

ಆದರೆ ಅದಕ್ಕೆ ಮೊದಲು ಇನ್ನೊಂದು ಫೋನು ಬಂದಿತ್ತು. ಅದನ್ನು ಹೆಂಡತಿಗೂ ಹೇಳಿಲ್ಲ, ಗೆಳೆಯನಿಗೂ ಹೇಳಿಲ್ಲ.

ನಾನು ದಾರಿ ಹೇಳಿದ ಮಾರನೇ ದಿನ, ಬೆಳಿಗ್ಗೆ ಹತ್ತು ಗಂಟೆ. ಇಷ್ಟು ದಿನ ಸ್ವಿಚ್ ಆಫ್ ಆಗಿದ್ದ ಆ ಅಮ್ಮನ ನಂಬರಿನಿಂದ. ಆ ಕಡೆ ಒಂದು ಕಾರಿನ ಹಾರನ್ನು ಕೇಳುತ್ತಿತ್ತು, ಯಾರೋ ಬಾಗಿಲು ಬಡಿಯುತ್ತಿದ್ದರು, ಅಮ್ಮಾ ಅಮ್ಮಾ ಅಂತ.

"ಆಚಾರಿ, ನಿಂದು ಏನಾಯ್ತಪ್ಪ?"

"ಉತ್ತರ ಹೋಯ್ತಮ್ಮಾ. ಸರಿಹೋಗುತ್ತೆ ಅಂದವ್ರೆ."

"ಒಳ್ಳೇದಾಯ್ತು ಬುಡು." ಹೊರಗೆ ಬಡಿಯುವುದು ಜೋರಾಯಿತು. "ಮಗ ಬಂದವ್ನೆ. ಈ ಜಾಗ ಎಂಗ್ ಗೊತ್ತಾಯ್ತೋ ಕಾಣೆ. ಮನೆ ತುಂಬಾ ಎಲ್ರೂ ಹೆದರ್ಕೊಂಡವ್ರೆ. ನೀನೇನಾರ ಯೋಳಿದ್ಯಾ?"

"ಇಲ್ಲಮ್ಮಾ" ಅಂದೆ.

"ಅದೇ ಅಂದೆ ಇವರ್ಗೆ" ಅಂದರು. "ಆಚಾರಿ ಅಂಥೋನಲ್ಲ ಅಂತ."